ತಲೆ, ಹೆಗಲು, ಜೋಡಿ ಶಿಖರ: ಚಾರ್ಟ್ ತೋರುವ ಗುರಿಯನ್ನು ಎಷ್ಟು ನಂಬಬಹುದು?

ಬಹುಕಾಲ ಏರಿದ ಷೇರಿನ ಬೆಲೆ ಇಳಿಮುಖವಾಗುವ ಮುನ್ನ ಚಾರ್ಟಿನಲ್ಲಿ ಕೆಲವೊಮ್ಮೆ ಮೂರು ಶಿಖರಗಳು ಸಾಲಾಗಿ ಮೂಡುತ್ತವೆ. ನಡುವಿನದು ಎತ್ತರ. ಅದರ ಎಡಬಲದವು ತುಸು ತಗ್ಗು, ಅವೆರಡೂ ಹೆಚ್ಚುಕಡಿಮೆ ಒಂದೇ ಮಟ್ಟ. ನೋಡಲು ತಲೆ ಮತ್ತು ಎರಡು ಹೆಗಲುಗಳಂತಿರುವ ಈ ಆಕೃತಿಯನ್ನು ಷೇರುಪೇಟೆಯವರು ಹೆಡ್ ಅಂಡ್ ಶೋಲ್ಡರ್ಸ್ ಎನ್ನುತ್ತಾರೆ. ಮೂರರ ಬದಲು ಸಮ ಎತ್ತರದ ಎರಡೇ ಶಿಖರಗಳು ಮೂಡಿದರೆ ಅದು ಡಬಲ್ ಟಾಪ್. ಫೋರ್ಬ್ಸ್ ಪತ್ರಿಕೆಯ ಹಣಕಾಸು ಸಂಪಾದಕರಾಗಿದ್ದ ರಿಚರ್ಡ್ ಶಾಬಾಕರ್ 1930ರ ದಶಕದ ಆರಂಭದಲ್ಲಿ ಇಂಥ ಆಕೃತಿಗಳನ್ನು ವಿಂಗಡಿಸಿ ವಿವರಿಸಿದರು. ಅವರ ಬಂಧು ರಾಬರ್ಟ್ ಎಡ್ವರ್ಡ್ಸ್ ಮತ್ತು ಜಾನ್ ಮಗೀ 1948ರಲ್ಲಿ ಪ್ರಕಟಿಸಿದ ಪುಸ್ತಕ ಆ ವಿವರಣೆಯನ್ನು ಬೆಳೆಸಿತು. ಇಂದಿಗೂ ಚಾರ್ಟ್ ಓದುವವರು ಹೇಳುವ ನಿಯಮಗಳಲ್ಲಿ ಬಹುಪಾಲು ಆ ಪುಸ್ತಕದಿಂದ ಬಂದವು.

ಆಕೃತಿ ಮೂಡುವ ಬಗೆ ಹೀಗೆ. ಏರುತ್ತಿರುವ ಷೇರು ಒಂದು ಎತ್ತರ ಮುಟ್ಟಿ ಸ್ವಲ್ಪ ಇಳಿಯುತ್ತದೆ, ಅದು ಎಡ ಹೆಗಲು. ಮತ್ತೆ ಏರಿ ಹಳೆಯ ಎತ್ತರವನ್ನು ದಾಟಿ ಹೊಸ ಶಿಖರ ಕಾಣುತ್ತದೆ, ಅದು ತಲೆ. ಇಲ್ಲಿಯವರೆಗೆ ಅನುಮಾನಕ್ಕೆ ಕಾರಣವೇ ಇಲ್ಲ, ಆರೋಗ್ಯವಾಗಿ ಏರುವ ಎಲ್ಲ ಷೇರುಗಳೂ ಹೀಗೇ ಏರುತ್ತವೆ. ಮೊದಲ ಅನುಮಾನ ಹುಟ್ಟುವುದು ತಲೆಯಿಂದ ಇಳಿದ ಬೆಲೆ ಎಡ ಹೆಗಲಿನ ಎತ್ತರದಲ್ಲಿ ನಿಲ್ಲದೆ ಹಿಂದಿನ ತಗ್ಗಿನವರೆಗೂ ಜಾರಿದಾಗ. ಎರಡನೆಯ ಅನುಮಾನ, ಮೂರನೆಯ ಏರಿಕೆ ತಲೆಯನ್ನು ಮುಟ್ಟಲಾಗದೆ ಅರ್ಧದಲ್ಲೇ ಸೋತಾಗ. ಈ ಸೋತ ಏರಿಕೆಯೇ ಬಲ ಹೆಗಲು. ಕೊಳ್ಳುವವರ ಉತ್ಸಾಹ ಕುಗ್ಗಿದೆ, ಮೇಲಿನ ಬೆಲೆಯಲ್ಲಿ ಸಿಕ್ಕಿಕೊಂಡವರು ಚೇತರಿಕೆ ಬಂದ ತಕ್ಷಣ ಮಾರಿ ಹೊರಬರುತ್ತಿದ್ದಾರೆ ಎಂಬುದು ಇದರ ಹಿಂದಿನ ತರ್ಕ. ಹಾಗಾಗಿಯೇ ಎಡ ಹೆಗಲು ಅಥವಾ ತಲೆ ಮೂಡುವಾಗ ಷೇರಿನ ವಹಿವಾಟು ಜೋರಾಗಿದ್ದು ಬಲ ಹೆಗಲಿನಲ್ಲಿ ಇಳಿದಿದ್ದರೆ ಆಕೃತಿಗೆ ಬಲ ಹೆಚ್ಚು ಎಂದು ಹಳೆಯ ಪುಸ್ತಕಗಳು ಹೇಳುತ್ತವೆ.

ತಲೆಯ ಎರಡು ಬದಿಯ ತಗ್ಗುಗಳನ್ನು ಸೇರಿಸಿ ಎಳೆದ ಗೆರೆಗೆ ನೆಕ್‌ಲೈನ್ ಎಂದು ಹೆಸರು. ಎರಡು ತಗ್ಗುಗಳು ಒಂದೇ ಮಟ್ಟದಲ್ಲಿರುವುದು ಅಪರೂಪ, ಆದ್ದರಿಂದ ಈ ಗೆರೆ ಸಾಮಾನ್ಯವಾಗಿ ಮೇಲಕ್ಕೋ ಕೆಳಕ್ಕೋ ಓರೆಯಾಗಿರುತ್ತದೆ. ಬೆಲೆ ಈ ಗೆರೆಯ ಕೆಳಗೆ ದಿನದ ವಹಿವಾಟನ್ನು ಮುಗಿಸುವವರೆಗೆ ಆಕೃತಿ ಪೂರ್ಣವಾಗಿಲ್ಲ. ಹೊಸಬರು ಎಡವುವ ಮೊದಲ ಜಾಗ ಇದು. ಮೂರು ಶಿಖರ ಕಂಡ ಕೂಡಲೇ ಕುಸಿತ ಖಚಿತವೆಂದು ತಿಳಿದು ಮಾರುವವರ ಕಣ್ಣೆದುರೇ ಬೆಲೆ ನೆಕ್‌ಲೈನಿನ ಮೇಲೆ ಕಾಲೂರಿ ಮತ್ತೆ ಏರಿಬಿಡುತ್ತದೆ. ದಿನದ ನಡುವೆ ಗೆರೆಯ ಕೆಳಗಿಳಿದು ಸಂಜೆಗೆ ಮೇಲೆ ಬಂದು ನಿಲ್ಲುವುದೂ ಸಾಮಾನ್ಯ. ಅದಕ್ಕೆಂದೇ ಲೆಕ್ಕಕ್ಕೆ ಬರುವುದು ದಿನದ ಕೊನೆಯ ಬೆಲೆ ಮಾತ್ರ.

ಗುರಿಯನ್ನು ಅಳೆಯುವ ಕ್ರಮ ಸರಳ. ತಲೆಯ ತುದಿಯಿಂದ ನೇರ ಕೆಳಗೆ ನೆಕ್‌ಲೈನಿನವರೆಗೆ ಇರುವ ಅಂತರವೇ ಆಕೃತಿಯ ಎತ್ತರ. ಬೆಲೆ ನೆಕ್‌ಲೈನನ್ನು ಮುರಿದ ಬಿಂದುವಿನಿಂದ ಅಷ್ಟೇ ಅಂತರವನ್ನು ಕೆಳಗೆ ಇಳಿಸಿದರೆ ಗುರಿಯ ಬೆಲೆ ಸಿಗುತ್ತದೆ. 300 ರೂಪಾಯಿಯಿಂದ ಏರುತ್ತ ಬಂದ ಒಂದು ಷೇರು 450ರಲ್ಲಿ ಎಡ ಹೆಗಲು, 490ರಲ್ಲಿ ತಲೆ, 452ರಲ್ಲಿ ಬಲ ಹೆಗಲು ಮಾಡಿತು, ನಡುವಿನ ಎರಡು ತಗ್ಗುಗಳೂ 410ರಲ್ಲಿ ಇದ್ದವು ಎಂದು ಇಟ್ಟುಕೊಳ್ಳಬಹುದು. ಎತ್ತರ 80 ರೂಪಾಯಿ. 410 ಮುರಿದರೆ ಗುರಿ 330. ನೆಕ್‌ಲೈನ್ ಓರೆಯಾಗಿದ್ದಾಗ ಮಾತ್ರ ಎರಡು ಎಚ್ಚರಿಕೆ ಬೇಕು. ಎತ್ತರವನ್ನು ಅಳೆಯಬೇಕಾದುದು ತಲೆಯ ನೇರ ಕೆಳಗೆ ಗೆರೆ ಇರುವ ಮಟ್ಟದಿಂದ. ಕಳೆಯಬೇಕಾದುದು ಗೆರೆ ಮುರಿದ ದಿನ ಅದು ಇದ್ದ ಮಟ್ಟದಿಂದ. ಇವೆರಡೂ ಬೇರೆ ಬೇರೆ ಸಂಖ್ಯೆಗಳು.

ಇದೇ ಉದಾಹರಣೆಯಲ್ಲಿ ಇನ್ನೊಂದು ಮಾತು ಅಡಗಿದೆ. ಷೇರು 300ರಿಂದ ಏರಿ ಬಂದದ್ದರಿಂದ 330ರ ಗುರಿಗೆ ಅರ್ಥವಿದೆ. ಆ ಏರಿಕೆ 380ರಿಂದಲೇ ಶುರುವಾಗಿದ್ದರೆ, ಆ ಏರಿಕೆಯನ್ನೆಲ್ಲ ಅಳಿಸಿ ಇನ್ನೂ 50 ರೂಪಾಯಿ ಕೆಳಗಿಳಿಯಬೇಕೆಂದು ಈ ಗುರಿ ಕೇಳಿದಂತಾಯಿತು. ತಿರುವನ್ನು ಸೂಚಿಸುವ ಆಕೃತಿಗೆ ತಿರುಗಿಸಲು ತಕ್ಕಷ್ಟು ಏರಿಕೆ ಮೊದಲೇ ಇರಬೇಕು. ಹಿಂದಿನ ಏರಿಕೆ ಚಿಕ್ಕದಾಗಿದ್ದಷ್ಟೂ ಆ ದೊಡ್ಡ ಗುರಿಯನ್ನು ನಂಬುವುದು ಕಷ್ಟ.

ಡಬಲ್ ಟಾಪ್‌ನಲ್ಲೂ ಅಳತೆ ಇದೇ. ಶಿಖರ ಮತ್ತು ನಡುವಿನ ಕಣಿವೆಯ ಅಂತರವನ್ನು ಕಣಿವೆಯ ಮಟ್ಟದಿಂದ ಕೆಳಗೆ ಕಳೆಯಬೇಕು. ಆದರೆ ಈ ಆಕೃತಿ ಮೋಸ ಮಾಡುವುದು ಹೆಚ್ಚು, ಏಕೆಂದರೆ ಏರುವ ಯಾವ ಷೇರೇ ಆದರೂ ಹಳೆಯ ಶಿಖರದ ಬಳಿ ಬಂದಾಗ ಸ್ವಲ್ಪ ತಡೆಯುತ್ತದೆ. ಆ ಕ್ಷಣದಲ್ಲಿ ಪ್ರತಿಯೊಂದು ತಡೆಯೂ ಜೋಡಿ ಶಿಖರದಂತೆಯೇ ಕಾಣುತ್ತದೆ. ಅವುಗಳಲ್ಲಿ ಬಹಳಷ್ಟು ಕಣಿವೆಯವರೆಗೆ ಇಳಿಯದೆ ಶಿಖರವನ್ನು ದಾಟಿ ಮುಂದೆ ಹೋಗುತ್ತವೆ. ಆದ್ದರಿಂದ ಎರಡು ಶಿಖರಗಳ ನಡುವೆ ಕನಿಷ್ಠ ಒಂದು ತಿಂಗಳಾದರೂ ಅಂತರ ಇರಬೇಕು, ಎತ್ತರದ ವ್ಯತ್ಯಾಸ ಶೇ. 3ರೊಳಗೆ ಇರಬೇಕು, ನಡುವಿನ ಕಣಿವೆ ಎದ್ದು ಕಾಣುವಷ್ಟು ಆಳವಾಗಿರಬೇಕು ಎಂಬ ರೂಢಿ ಬೆಳೆದಿದೆ. ಎಲ್ಲಕ್ಕೂ ಮಿಗಿಲಾಗಿ, ಕಣಿವೆಯ ಕೆಳಗೆ ದಿನದ ಬೆಲೆ ಮುಗಿಯುವವರೆಗೆ ಅದನ್ನು ಡಬಲ್ ಟಾಪ್ ಎಂದು ಕರೆಯಲೇಬಾರದು.

ಈ ನಿಯಮಗಳು ನಿಜವಾದ ಪೇಟೆಯಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ತೋರಿಸಲು ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕದ 2009ರ ಬೇಸಿಗೆಯ ಪ್ರಕರಣ ಬಹಳ ಸೂಕ್ತ. ಆ ವರ್ಷದ ಮಾರ್ಚ್ 9ರಂದು ಸೂಚ್ಯಂಕ 676.53ರಲ್ಲಿ ತಳ ಮುಟ್ಟಿತ್ತು. ಅಲ್ಲಿಂದ ಸುಮಾರು ಶೇ. 40ರಷ್ಟು ಏರಿದ ಮೇಲೆ ತಲೆ ಹೆಗಲಿನ ಆಕೃತಿ ಮೂಡಿತು. ಮೇ 8ರಂದು 929.23ಕ್ಕೆ ಎಡ ಹೆಗಲು. ಮೇ 15ರಂದು 882.88ರ ತಗ್ಗು. ಜೂನ್ 12ರಂದು 946.21ಕ್ಕೆ ತಲೆ. ಜೂನ್ 22ರಂದು 893.04ರ ಎರಡನೆಯ ತಗ್ಗು. ಜೂನ್ 29ರಂದು 927.23ಕ್ಕೆ ಬಲ ಹೆಗಲು. ಎರಡು ಹೆಗಲುಗಳ ನಡುವೆ ಕೇವಲ ಎರಡು ಅಂಶಗಳ ವ್ಯತ್ಯಾಸ. ಪಠ್ಯಪುಸ್ತಕಕ್ಕೆಂದೇ ಬರೆದಂತಹ ಚಿತ್ರ. ಇವೆಲ್ಲ ದಿನದ ಕೊನೆಯ ಮಟ್ಟಗಳು.

ಎರಡನೆಯ ತಗ್ಗು ಮೊದಲನೆಯದಕ್ಕಿಂತ ಮೇಲಿದ್ದುದರಿಂದ ಇಲ್ಲಿ ನೆಕ್‌ಲೈನ್ ಮೇಲ್ಮುಖವಾಗಿ ಓರೆ. ಮೇ 15ರಿಂದ ಜೂನ್ 22ರವರೆಗಿನ 25 ವಹಿವಾಟಿನ ದಿನಗಳಲ್ಲಿ ಅದು ಸುಮಾರು 10 ಅಂಶ ಏರಿದೆ, ಅಂದರೆ ದಿನಕ್ಕೆ ಸುಮಾರು 0.4. ಈ ಲೆಕ್ಕದಲ್ಲಿ ತಲೆ ಮೂಡಿದ ಜೂನ್ 12ರಂದು ಗೆರೆ 890.6ರ ಆಸುಪಾಸಿನಲ್ಲಿತ್ತು. 946.2ರಿಂದ ಅದನ್ನು ಕಳೆದರೆ ಆಕೃತಿಯ ಎತ್ತರ 55.6. ಜುಲೈ 2ರಂದು ಸೂಚ್ಯಂಕ 896.42ಕ್ಕೆ ಇಳಿದು ಸರಿಯಾಗಿ ಗೆರೆಯ ಮೇಲೆ ನಿಂತಿತು. ಜುಲೈ 7ರಂದು ಗೆರೆ 897.1ರಲ್ಲಿದ್ದಾಗ ಸೂಚ್ಯಂಕ 881.03ಕ್ಕೆ ಮುಗಿಯಿತು. ನೆಕ್‌ಲೈನ್ ಮುರಿದಿತ್ತು. ಗುರಿ, 897.1ರಿಂದ 55.6 ಕಳೆದರೆ, 841.5.

ಆ ಗುರಿಯ ಹತ್ತಿರಕ್ಕೂ ಸೂಚ್ಯಂಕ ಹೋಗಲಿಲ್ಲ. ಜುಲೈ 10ರ ಶುಕ್ರವಾರ 879.13ಕ್ಕೆ ಇಳಿದದ್ದೇ ಕೊನೆ. ಸೋಮವಾರ 13ರಂದು 901.05ಕ್ಕೆ ಏರಿ ನೆಕ್‌ಲೈನಿನ ಮೇಲಕ್ಕೆ ಮರಳಿತು. 15ರಂದು 932.68ಕ್ಕೆ ಮುಗಿದು ಬಲ ಹೆಗಲನ್ನು ದಾಟಿತು. 23ರಂದು 976.29, ಅಂದರೆ ತಲೆಯನ್ನೂ ದಾಟಿಯಾಯಿತು. ವರ್ಷಾಂತ್ಯಕ್ಕೆ ಅದು 1115.10ರಲ್ಲಿತ್ತು. ಆಕೃತಿ ಮುರಿದಾಗ ಮಾರಿದವರು ಒಂದೆಡೆ ಇದ್ದರೆ, ಅವರೆಲ್ಲ ತಪ್ಪು ತಿದ್ದಿಕೊಳ್ಳಲು ಒಟ್ಟಿಗೇ ಕೊಳ್ಳಲು ಬಂದದ್ದು ಆ ಏರಿಕೆಗೆ ಇನ್ನಷ್ಟು ಬಲ ಕೊಡುತ್ತದೆ. ಸೋತ ಆಕೃತಿಯ ನಂತರದ ಏರಿಕೆ ಹಲವು ಸಲ ಇಷ್ಟು ಚುರುಕಾಗಿರುವುದಕ್ಕೆ ಚಾರ್ಟ್ ಓದುವವರು ಕೊಡುವ ಕಾರಣ ಇದೇ. ಬಲ ಹೆಗಲಿನ ಮೇಲೆ ಒಂದು ದಿನ ಮುಗಿದರೆ ಆಕೃತಿ ರದ್ದು ಎಂಬ ನಿಯಮವೂ ಇದರಿಂದ ಹುಟ್ಟಿದೆ.

ಒಂದು ಸೋಲನ್ನು ಹಿಡಿದು ಇಡೀ ವಿಧಾನವನ್ನು ತಳ್ಳಿಹಾಕುವುದು ಸರಿಯಲ್ಲ. ಒಂದು ಗೆಲುವನ್ನು ಹಿಡಿದು ಒಪ್ಪಿಕೊಳ್ಳುವುದೂ ಅಷ್ಟೇ ತಪ್ಪು. ಕೇಳಬೇಕಾದ ಪ್ರಶ್ನೆ ಬೇರೆ: ಈ ಆಕೃತಿಯನ್ನು ನಂಬಿ ನಡೆಯುವುದು ನಷ್ಟವಾಗದಿರಬೇಕಾದರೆ ನೂರಕ್ಕೆ ಎಷ್ಟು ಸಲ ಗುರಿ ಮುಟ್ಟಬೇಕು? ಉತ್ತರಕ್ಕೆ ಮೂರು ಸಂಖ್ಯೆ ಸಾಕು. ಮಾರಿದ ಬೆಲೆ, ಗುರಿ, ಮತ್ತು ತಪ್ಪೆಂದು ಒಪ್ಪಿ ಹೊರಬರುವ ಬೆಲೆ. ಕೊನೆಯದನ್ನು ಪೇಟೆಯಲ್ಲಿ ಸ್ಟಾಪ್‌ಲಾಸ್ ಎನ್ನುತ್ತಾರೆ, ಈ ಆಕೃತಿಯಲ್ಲಿ ಅದನ್ನು ರೂಢಿಯಂತೆ ಬಲ ಹೆಗಲಿನ ತುದಿಯಲ್ಲಿ ಇಡುತ್ತಾರೆ. ಆಗಬಹುದಾದ ನಷ್ಟವನ್ನು, ನಷ್ಟ ಮತ್ತು ಲಾಭಗಳ ಮೊತ್ತದಿಂದ ಭಾಗಿಸಿದರೆ ಬೇಕಾದ ಗೆಲುವಿನ ಪ್ರಮಾಣ ಸಿಗುತ್ತದೆ.

2009ರ ಪ್ರಕರಣಕ್ಕೆ ಇದನ್ನು ಹಚ್ಚಿ ನೋಡಬಹುದು. ಜುಲೈ 7ರ ಸಂಜೆ 881ರಲ್ಲಿ ಮಾರಿದವರಿಗೆ 841.5ರ ಗುರಿಯಲ್ಲಿ ಸಿಗುವ ಲಾಭ 39.5 ಅಂಶ. ಬಲ ಹೆಗಲಿನ 927ರಲ್ಲಿ ಹೊರಬಂದರೆ ನಷ್ಟ 46. ಇಂಥ ವ್ಯವಹಾರ ಲೆಕ್ಕ ಸರಿದೂಗಿಸಬೇಕಾದರೆ ನೂರಕ್ಕೆ 54 ಸಲ ಗುರಿ ಮುಟ್ಟಲೇಬೇಕು, ದಲ್ಲಾಳಿ ವೆಚ್ಚ ಬೇರೆ. ಅದೇ, ನೆಕ್‌ಲೈನಿನ 897ರಲ್ಲೇ ಮಾರಲು ಸಾಧ್ಯವಾಗಿದ್ದರೆ ಲಾಭ 55.6, ನಷ್ಟ 30. ಆಗ ನೂರಕ್ಕೆ 35 ಸಲ ಗೆದ್ದರೂ ಸಾಕು. ಒಂದೇ ಆಕೃತಿ, ಒಂದೇ ಗುರಿ. ಮಾರಿದ ಬೆಲೆ 16 ಅಂಶ ಬದಲಾದುದಕ್ಕೇ ವ್ಯವಹಾರದ ಗುಣ ಪೂರ್ತಿ ಬದಲಾಯಿತು. ಗುರಿ ಎಷ್ಟು ದೂರ ಎಂದು ಮಾತ್ರ ನೋಡುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಎಡ್ವರ್ಡ್ಸ್ ಮತ್ತು ಮಗೀ ಸುಳ್ಳು ಮುರಿತಗಳಿಂದ ಪಾರಾಗಲು ಒಂದು ಜರಡಿ ಹೇಳಿದ್ದರು. ದಿನದ ಕೊನೆಯ ಬೆಲೆ ನೆಕ್‌ಲೈನಿಗಿಂತ ಶೇ. 3ರಷ್ಟು ಕೆಳಗೆ ಹೋದರೆ ಮಾತ್ರ ಮುರಿತ ಖಚಿತ. 897.1ಕ್ಕೆ ಶೇ. 3 ಕೆಳಗೆ ಎಂದರೆ ಸುಮಾರು 870. ಸೂಚ್ಯಂಕ 879ರಲ್ಲೇ ತಿರುಗಿದ್ದರಿಂದ ಈ ನಿಯಮ ಪಾಲಿಸಿದವರು ಆ ಸೋಲಿನಿಂದ ಪಾರಾದರು. ಆದರೆ ಈ ರಕ್ಷಣೆ ಪುಕ್ಕಟೆ ಸಿಗುವುದಿಲ್ಲ. 870ಕ್ಕೆ ಇಳಿದ ಮೇಲೆ ಮಾರಿದರೆ 841.5ರವರೆಗೆ ಉಳಿಯುವ ಲಾಭ 29ಕ್ಕೂ ಕಡಿಮೆ, ಬಲ ಹೆಗಲಿನವರೆಗಿನ ನಷ್ಟ 57. ಈಗ ಮೂರರಲ್ಲಿ ಎರಡು ಸಲ ಗೆಲ್ಲಬೇಕು. ಖಚಿತತೆಗಾಗಿ ಕಾದಷ್ಟೂ ಗುರಿ ಹತ್ತಿರವಾಗುತ್ತದೆ, ಸ್ಟಾಪ್‌ಲಾಸ್ ದೂರವಾಗುತ್ತದೆ. ಎತ್ತರ ಕಡಿಮೆ ಇರುವ ಆಕೃತಿಗಳಲ್ಲಿ ಈ ಇಕ್ಕಟ್ಟು ಹೆಚ್ಚು. 2009ರ ಆಕೃತಿಯ ಎತ್ತರ ಸೂಚ್ಯಂಕದ ಶೇ. 6ರಷ್ಟು ಮಾತ್ರ, ಅದರಲ್ಲಿ ಅರ್ಧವನ್ನು ಶೇ. 3ರ ಜರಡಿಯೇ ನುಂಗುತ್ತದೆ.

ಮುರಿತದ ಬಳಿಕ ಬೆಲೆ ಮತ್ತೆ ನೆಕ್‌ಲೈನಿನ ಹತ್ತಿರಕ್ಕೆ ಬರುವುದಕ್ಕೆ ಪುಲ್‌ಬ್ಯಾಕ್ ಎನ್ನುತ್ತಾರೆ. ಅದಕ್ಕಾಗಿ ಕಾಯುವುದು ಇಕ್ಕಟ್ಟಿನಿಂದ ಹೊರಬರುವ ಒಂದು ದಾರಿ. ಹತ್ತಿರ ಬಂದ ಬೆಲೆ ಗೆರೆಯನ್ನು ದಾಟಲಾಗದೆ ಮತ್ತೆ ಇಳಿದರೆ ಒಳ್ಳೆಯ ಬೆಲೆಗೆ ಮಾರಬಹುದು, ಸ್ಟಾಪ್‌ಲಾಸ್ ಕೂಡ ಹತ್ತಿರ ಇಡಬಹುದು. ಆದರೆ ಪುಲ್‌ಬ್ಯಾಕ್ ಬಾರದೆ ನೇರ ಕುಸಿಯುವ ಷೇರುಗಳೂ ಬಹಳ, ಅತಿ ದೊಡ್ಡ ಕುಸಿತಗಳು ಸಿಗುವುದು ಅವುಗಳಲ್ಲೇ. ಕಾಯುವವರು ಅವನ್ನು ಕಳೆದುಕೊಳ್ಳುತ್ತಾರೆ.

ಡಬಲ್ ಟಾಪ್‌ನ ಅಳತೆ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೂ ಇದೇ ಸೂಚ್ಯಂಕದ ಚರಿತ್ರೆಯಲ್ಲಿ ಸ್ಪಷ್ಟ ಉದಾಹರಣೆ ಇದೆ. 2000ದ ಮಾರ್ಚ್ 24ರಂದು ಎಸ್ ಅಂಡ್ ಪಿ 500 ಸೂಚ್ಯಂಕ 1527.46ರಲ್ಲಿ ಮುಗಿದು ಶಿಖರ ಕಂಡಿತು. ತಂತ್ರಜ್ಞಾನ ಷೇರುಗಳ ಗುಳ್ಳೆ ಒಡೆದು 2002ರ ಅಕ್ಟೋಬರ್ 9ರಂದು 776.76ಕ್ಕೆ ಇಳಿಯಿತು. ಅಲ್ಲಿಂದ ಐದು ವರ್ಷ ಏರಿ 2007ರ ಅಕ್ಟೋಬರ್ 9ರಂದು 1565.15 ಮುಟ್ಟಿತು. ಎರಡು ಶಿಖರಗಳ ವ್ಯತ್ಯಾಸ ಶೇ. 2.5. ಕಣಿವೆಯ ಆಳ ಅರ್ಧದಷ್ಟು. ಏಳೂವರೆ ವರ್ಷ ಹರಡಿದ ಈ ಜೋಡಿ ಶಿಖರ ಎಲ್ಲ ನಿಯಮಗಳಿಗೂ ಒಪ್ಪುವಂಥದ್ದು. ಜಾಗತಿಕ ಹಣಕಾಸು ಬಿಕ್ಕಟ್ಟಿನ ನಡುವೆ 2008ರ ನವೆಂಬರ್ 20ರಂದು ಸೂಚ್ಯಂಕ 752.44ಕ್ಕೆ ಮುಗಿದಾಗ ಕಣಿವೆ ಮುರಿಯಿತು, ಶೇ. 3ರ ಜರಡಿಯನ್ನೂ ಕೂದಲೆಳೆಯಲ್ಲಿ ದಾಟಿತು.

ಗುರಿ ಎಷ್ಟು? 1565ರಿಂದ 777 ಕಳೆದರೆ ಎತ್ತರ 788. 777ರಿಂದ 788 ಕಳೆದರೆ ಸೊನ್ನೆಗಿಂತ 11 ಕಡಿಮೆ. 500 ದೊಡ್ಡ ಕಂಪನಿಗಳ ಒಟ್ಟು ಬೆಲೆ ಸೊನ್ನೆಯ ಕೆಳಗೆ ಹೋಗುವುದು ಅಸಾಧ್ಯ. ಶಿಖರದಿಂದ ಅರ್ಧಕ್ಕಿಂತ ಆಳವಾಗಿರುವ ಯಾವ ಕಣಿವೆಗೂ ಈ ಕಳೆಯುವ ಲೆಕ್ಕ ಇಂಥ ಅಸಂಬದ್ಧ ಉತ್ತರವನ್ನೇ ಕೊಡುತ್ತದೆ. ಅಂಥ ದೀರ್ಘಾವಧಿಯ ಚಾರ್ಟುಗಳಲ್ಲಿ ಅಂತರದ ಬದಲು ಪ್ರಮಾಣವನ್ನು ಅಳೆಯುವುದು ಸರಿ. ಶಿಖರದಿಂದ ಕಣಿವೆಗೆ ಶೇ. 50.4ರಷ್ಟು ಇಳಿದಿದೆ, ಕಣಿವೆಯಿಂದ ಕೆಳಗೂ ಅಷ್ಟೇ ಶೇಕಡಾ ಇಳಿಸಿದರೆ ಗುರಿ ಸುಮಾರು 385. ಪ್ರತಿ ಶೇಕಡಾ ಬದಲಾವಣೆಗೂ ಒಂದೇ ಎತ್ತರ ಕೊಡುವ ಲಾಗ್ ಮಾಪನದ ಚಾರ್ಟಿನಲ್ಲಿ ಸ್ಕೇಲಿಟ್ಟು ಅಳೆದರೆ ಸಿಗುವುದೂ ಇದೇ ಉತ್ತರ.

ಸೂಚ್ಯಂಕ 385ಕ್ಕೂ ಹೋಗಲಿಲ್ಲ. ಮೊದಲು ಪುಲ್‌ಬ್ಯಾಕ್ ಬಂತು, ಅದು ಸಾಮಾನ್ಯ ಗಾತ್ರದ್ದಾಗಿರಲಿಲ್ಲ: 2009ರ ಜನವರಿ 6ರಂದು 934.70, ಅಂದರೆ ಮುರಿತದ ದಿನ ಮಾರಿದವರಿಗೆ ಶೇ. 24ರಷ್ಟು ಎದುರು ನಡೆ. ನಂತರ ಮಾರ್ಚ್ 9ರ 676.53ರ ತಳ. ಕಣಿವೆಯ ಮಟ್ಟದಿಂದ ಶೇ. 13ರಷ್ಟು ಕೆಳಗೆ ಅಷ್ಟೇ. ಅಲ್ಲಿಂದ ತಿರುಗಿ 2013ರ ಮಾರ್ಚ್ 28ರಂದು 1569.19ಕ್ಕೆ ಮುಗಿದು 2007ರ ಶಿಖರವನ್ನೂ ದಾಟಿತು. ಗಮನಿಸಬೇಕಾದ ಅಂಶ ಇನ್ನೊಂದಿದೆ. ಕಣಿವೆ ಮುರಿದು ಆಕೃತಿ ಖಚಿತವಾಗುವ ಹೊತ್ತಿಗೆ ಸೂಚ್ಯಂಕ ಶಿಖರದಿಂದ ಶೇ. 52ರಷ್ಟು ಕುಸಿದಾಗಿತ್ತು. ಕಣಿವೆ ಆಳವಾಗಿದ್ದಷ್ಟೂ ಸೂಚನೆ ತಡವಾಗಿ ಬರುತ್ತದೆ, ಬರುವ ಹೊತ್ತಿಗೆ ಇಳಿಕೆಯ ದೊಡ್ಡ ಪಾಲು ಮುಗಿದಿರುತ್ತದೆ.

ಎರಡು ಪ್ರಕರಣಗಳಿಂದ ಸರಾಸರಿ ತಿಳಿಯುವುದಿಲ್ಲ. ಅದಕ್ಕೆ ದೊಡ್ಡ ಸಂಖ್ಯೆಯ ಪರೀಕ್ಷೆ ಬೇಕು. ಮೊದಲ ಗಂಭೀರ ಆಕ್ಷೇಪ ಬಂದದ್ದು 1959ರಲ್ಲಿ. ಷಿಕಾಗೋ ವಿಶ್ವವಿದ್ಯಾಲಯದ ಹ್ಯಾರಿ ರಾಬರ್ಟ್ಸ್ ಯಾದೃಚ್ಛಿಕ ಸಂಖ್ಯೆಗಳನ್ನು ವಾರದ ಏರಿಳಿತಗಳೆಂದು ಕೂಡುತ್ತ ಹೋಗಿ 52 ವಾರಗಳ ಕೃತಕ ಚಾರ್ಟ್ ತಯಾರಿಸಿದರು. ಕೊಳ್ಳುವವರೂ ಮಾರುವವರೂ ಇಲ್ಲದ ಆ ಚಾರ್ಟಿನಲ್ಲೂ ತಲೆ ಮತ್ತು ಹೆಗಲುಗಳು ಕಂಡವು. ಆಕೃತಿ ಕಂಡ ಮಾತ್ರಕ್ಕೆ ಅದರ ಹಿಂದೆ ಪೇಟೆಯ ಮನಸ್ಸು ಕೆಲಸ ಮಾಡಿದೆ ಎನ್ನಲಾಗದು ಎಂಬುದು ಇದರಿಂದ ಸ್ಪಷ್ಟ. ಆಕೃತಿಯ ನಂತರ ಏನಾಗುತ್ತದೆ ಎಂಬುದಷ್ಟೇ ಅದಕ್ಕೆ ಪರೀಕ್ಷೆ.

ಆ ಪರೀಕ್ಷೆಯನ್ನು ಕಟ್ಟುನಿಟ್ಟಾಗಿ ಮಾಡಿದವರಲ್ಲಿ ಕ್ಯಾರಲ್ ಓಸ್ಲರ್ ಮತ್ತು ಕೆವಿನ್ ಚಾಂಗ್ ಮುಖ್ಯರು. 1995ರಲ್ಲಿ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಿಂದ ಅವರ ಅಧ್ಯಯನ ಹೊರಬಂತು. ಕಣ್ಣಂದಾಜಿಗೆ ಅವಕಾಶವಿಲ್ಲದಂತೆ ತಲೆ ಹೆಗಲನ್ನು ಗುರುತಿಸುವ ಕಂಪ್ಯೂಟರ್ ನಿಯಮಗಳನ್ನು ಬರೆದು, ಡಾಲರಿನ ಎದುರು ಆರು ಕರೆನ್ಸಿಗಳ 1973ರಿಂದ ಮುಂದಿನ ಎರಡು ದಶಕಗಳ ದಿನದ ದರಗಳಲ್ಲಿ ಹುಡುಕಿದರು. ಜರ್ಮನ್ ಮಾರ್ಕ್ ಮತ್ತು ಜಪಾನಿನ ಯೆನ್‌ನಲ್ಲಿ ಆಕೃತಿ ಲಾಭ ಕೊಟ್ಟಿತು. ಉಳಿದ ನಾಲ್ಕರಲ್ಲಿ ಕೊಡಲಿಲ್ಲ. ಲಾಭ ಬಂದ ಕಡೆಯೂ ಚಲನ ಸರಾಸರಿಯಂಥ ಇನ್ನೂ ಸರಳ ನಿಯಮಗಳು ಅದಕ್ಕಿಂತ ಹೆಚ್ಚು ಗಳಿಸಿದವು. ಓಸ್ಲರ್ ಮುಂದೆ ಅಮೆರಿಕದ ಷೇರುಗಳನ್ನು ಪರೀಕ್ಷಿಸಿದಾಗ ಆಕೃತಿ ಪೂರ್ಣವಾದ ದಿನಗಳಲ್ಲಿ ವಹಿವಾಟು ಗಮನಾರ್ಹವಾಗಿ ಹೆಚ್ಚುತ್ತದೆ, ಆದರೆ ಅದನ್ನು ನಂಬಿದವರಿಗೆ ಲಾಭ ಸಿಗುವುದಿಲ್ಲ ಎಂದು ಕಂಡುಬಂತು. ಜನ ಆಕೃತಿಯನ್ನು ನೋಡಿ ನಿಜಕ್ಕೂ ವ್ಯವಹರಿಸುತ್ತಾರೆ ಎಂಬುದಕ್ಕೆ ಇದೇ ಪುರಾವೆ.

2000ದಲ್ಲಿ ಆಂಡ್ರೂ ಲೋ, ಹ್ಯಾರಿ ಮಮೈಸ್ಕಿ ಮತ್ತು ಜಿಯಾಂಗ್ ವಾಂಗ್ 1962ರಿಂದ 1996ರವರೆಗಿನ ಅಮೆರಿಕದ ಷೇರುಗಳಲ್ಲಿ ಹತ್ತು ಆಕೃತಿಗಳನ್ನು ಪರಿಶೀಲಿಸಿದರು. ತಲೆ ಹೆಗಲು, ಡಬಲ್ ಟಾಪ್ ಎರಡೂ ಅದರಲ್ಲಿದ್ದವು. ಹಲವು ಆಕೃತಿಗಳ ನಂತರದ ಬೆಲೆ ಬದಲಾವಣೆ ಸಾಮಾನ್ಯ ದಿನಗಳದ್ದಕ್ಕಿಂತ ಭಿನ್ನವಾಗಿರುತ್ತದೆ, ಅಂದರೆ ಆಕೃತಿಯಲ್ಲಿ ಏನೋ ಮಾಹಿತಿ ಇದೆ ಎಂದು ಅವರಿಗೆ ಸಿಕ್ಕಿತು. ಆ ಮಾಹಿತಿಯಿಂದ ಹಣ ಮಾಡಬಹುದು ಎಂದು ಮಾತ್ರ ಅವರು ಹೇಳಲಿಲ್ಲ. ಈ ಎಚ್ಚರಿಕೆಯನ್ನು ಬಿಟ್ಟು ಮೊದಲರ್ಧವನ್ನಷ್ಟೇ ಉಲ್ಲೇಖಿಸುವವರು ಓದುಗರನ್ನು ದಾರಿ ತಪ್ಪಿಸುತ್ತಾರೆ.

ಗುರಿ ಮುಟ್ಟುವ ಪ್ರಮಾಣವನ್ನು ನೇರವಾಗಿ ಎಣಿಸಿದವರು ಥಾಮಸ್ ಬಲ್ಕೋವ್‌ಸ್ಕಿ. 2000ದಲ್ಲಿ ಮೊದಲು ಬಂದ ಅವರ ಆಕೃತಿಕೋಶದ ಎಣಿಕೆಗಳ ಪ್ರಕಾರ ಏರುಪೇಟೆಯಲ್ಲಿ ಖಚಿತವಾದ ತಲೆ ಹೆಗಲುಗಳು ಪೂರ್ಣ ಗುರಿ ಮುಟ್ಟುವುದು ಅರ್ಧಕ್ಕಿಂತ ತುಸು ಹೆಚ್ಚು ಸಲ. ಪುಲ್‌ಬ್ಯಾಕ್ ಬರುವುದೂ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಸಲ. 881ರಲ್ಲಿ ಮಾರಿದವರಿಗೆ ಬೇಕಾಗಿದ್ದ ನೂರಕ್ಕೆ 54 ಎಂಬ ಲೆಕ್ಕದ ಪಕ್ಕದಲ್ಲಿ ಈ ಸಂಖ್ಯೆಯನ್ನು ಇಟ್ಟು ನೋಡಿದರೆ ಅಂತರ ಎಷ್ಟು ಕಿರಿದು ಎಂಬುದು ತಿಳಿಯುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗುರಿ ಮುಟ್ಟಿದೆಯೇ ಎಂದು ಎಣಿಸುವಾಗ ಮುಟ್ಟುವ ಮೊದಲು ಬೆಲೆ ಎಷ್ಟು ಮೇಲೆ ಹೋಗಿ ಬಂತು ಎಂಬುದು ಲೆಕ್ಕಕ್ಕೆ ಸಿಗುವುದಿಲ್ಲ. ಹತ್ತಿರದ ಸ್ಟಾಪ್‌ಲಾಸ್ ಇಟ್ಟವರು ಆ ಗೆಲುವುಗಳಲ್ಲಿ ಕೆಲವನ್ನು ನಷ್ಟವಾಗಿಯೇ ಅನುಭವಿಸಿರುತ್ತಾರೆ.

ಬಲ್ಕೋವ್‌ಸ್ಕಿ ಸೂಚಿಸುವ ಪರಿಹಾರ ಗುರಿಯನ್ನೇ ತಗ್ಗಿಸುವುದು. ಎತ್ತರವನ್ನು ಗುರಿ ಮುಟ್ಟುವ ಶೇಕಡಾ ಪ್ರಮಾಣದಿಂದ ಗುಣಿಸಿ, ಆ ಕಡಿಮೆಯಾದ ಎತ್ತರವನ್ನು ಮುರಿತದ ಬಿಂದುವಿನಿಂದ ಕಳೆಯಬೇಕು. ಪ್ರಮಾಣ ಅರ್ಧವೆಂದು ಹಿಡಿದರೆ 2009ರ ಆಕೃತಿಯ ತಗ್ಗಿಸಿದ ಗುರಿ 869. ಅದೂ ಸಿಗಲಿಲ್ಲ ಎಂಬುದು ನಿಜ, ಆದರೂ ಅಂದಾಜಾಗಿ ಅದು 841ಕ್ಕಿಂತ ಪ್ರಾಮಾಣಿಕ. ಜೊತೆಗೆ ಮುರಿತದ ಬಿಂದು ಮತ್ತು ಗುರಿಯ ನಡುವೆ ಹಿಂದೆ ಬೆಲೆ ಹಲವು ಸಲ ನಿಂತು ಮೇಲೆದ್ದ ಮಟ್ಟವಿದೆಯೇ ಎಂದು ನೋಡಬೇಕು. ಇದ್ದರೆ ಇಳಿಕೆ ಅಲ್ಲೇ ನಿಲ್ಲುವ ಸಾಧ್ಯತೆ ಹೆಚ್ಚು, ಗುರಿಯನ್ನು ಅಲ್ಲಿಗೆ ಮೊಟಕು ಮಾಡುವುದು ವಿವೇಕ.

ಆಕೃತಿಯನ್ನು ಅಳೆಯುವ ಮೊದಲು ಚಾರ್ಟೇ ಸರಿ ಇದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಬೆಂಗಳೂರಿನ ಇನ್ಫೋಸಿಸ್ 2018ರ ಸೆಪ್ಟೆಂಬರಿನಲ್ಲಿ ಒಂದಕ್ಕೊಂದು ಬೋನಸ್ ಷೇರು ಕೊಟ್ಟಾಗ ಷೇರಿನ ಬೆಲೆ ಸಹಜವಾಗಿಯೇ ಅರ್ಧಕ್ಕೆ ಬಂತು. ಷೇರುದಾರರ ಒಟ್ಟು ಮೌಲ್ಯದಲ್ಲಿ ವ್ಯತ್ಯಾಸವಿಲ್ಲ, ಆದರೆ ಹಳೆಯ ಬೆಲೆಗಳನ್ನು ಹೊಂದಿಸದ ಚಾರ್ಟಿನಲ್ಲಿ ಅದು ಎಲ್ಲ ನೆಕ್‌ಲೈನುಗಳನ್ನೂ ಮುರಿದು ಬಿದ್ದ ಕುಸಿತದಂತೆ ಕಾಣುತ್ತದೆ. ಷೇರನ್ನು ಚಿಕ್ಕ ಮುಖಬೆಲೆಗೆ ವಿಭಜಿಸಿದಾಗಲೂ ಇದೇ ಆಗುತ್ತದೆ. ದೊಡ್ಡ ಡಿವಿಡೆಂಡ್ ಹಂಚಿದ ದಿನ ಬೆಲೆ ಅಷ್ಟರಮಟ್ಟಿಗೆ ಇಳಿಯುವುದರಿಂದ ಗೆರೆಯ ತೀರ ಹತ್ತಿರವಿದ್ದ ಷೇರು ಅಂದು ಸುಳ್ಳು ಮುರಿತ ತೋರಬಹುದು.

ಭಾರತದ ಸಾಮಾನ್ಯ ಹೂಡಿಕೆದಾರರಿಗೆ ಈ ಆಕೃತಿಗಳ ಬಳಕೆ ಅಮೆರಿಕದ ಪುಸ್ತಕಗಳು ಹೇಳುವಂತೆ ಇರುವುದಿಲ್ಲ. ಆ ಪುಸ್ತಕಗಳು ಷೇರು ಕೈಯಲ್ಲಿಲ್ಲದೆಯೇ ಮಾರಿ, ಇಳಿದ ಮೇಲೆ ಕೊಂಡು ತೀರಿಸುವ ವ್ಯವಹಾರವನ್ನು ಮನಸ್ಸಿನಲ್ಲಿಟ್ಟು ಬರೆದವು. ಇಲ್ಲಿನ ನಗದು ವಿಭಾಗದಲ್ಲಿ ಹಾಗೆ ಮಾರಿದ್ದನ್ನು ಸಾಮಾನ್ಯವಾಗಿ ಅದೇ ದಿನ ಕೊಂಡು ಮುಗಿಸಬೇಕು. ವಾರಗಟ್ಟಲೆ ತೆಗೆದುಕೊಳ್ಳುವ ಗುರಿಗೆ ಅದು ಸಾಲದು. ಉಳಿಯುವ ದಾರಿ ಫ್ಯೂಚರ್ಸ್ ಮತ್ತು ಆಪ್ಷನ್ಸ್, ಅವು ಆಯ್ದ ಷೇರುಗಳಿಗೆ ಮಾತ್ರ ಇವೆ, ಕಟ್ಟಬೇಕಾದ ಹಣವೂ ನಷ್ಟದ ಅಪಾಯವೂ ದೊಡ್ಡದು. ಹಾಗಾಗಿ ಇಲ್ಲಿ ಬಹುಪಾಲು ಜನರಿಗೆ ತಲೆ ಹೆಗಲಾಗಲಿ ಡಬಲ್ ಟಾಪ್ ಆಗಲಿ ಕೈಯಲ್ಲಿರುವ ಷೇರಿನ ಬಗ್ಗೆ ನಿರ್ಧರಿಸಲು ಒದಗುತ್ತದೆ. ಅಂಥವರಿಗೆ ಗುರಿಯ ಬೆಲೆಗಿಂತ ಎರಡು ಮಟ್ಟಗಳು ಹೆಚ್ಚು ಉಪಯುಕ್ತ: ಹೊಸದಾಗಿ ಕೊಳ್ಳುವುದನ್ನು ನಿಲ್ಲಿಸಿ ಒಂದು ಭಾಗವನ್ನು ಮಾರಲು ಯೋಚಿಸಬೇಕಾದ ನೆಕ್‌ಲೈನ್, ಮತ್ತು ಅನುಮಾನವನ್ನು ಕೈಬಿಡಬೇಕಾದ ಬಲ ಹೆಗಲಿನ ತುದಿ. ಡಬಲ್ ಟಾಪ್‌ನಲ್ಲಿ ಅವುಗಳ ಜಾಗದಲ್ಲಿ ಕಣಿವೆ ಮತ್ತು ಎರಡನೆಯ ಶಿಖರ ಬರುತ್ತವೆ.